ಮಂಗಳವಾಡದ ಬಸವಣ್ಣ, ಕಲ್ಯಾಣದ ಬಸವಣ್ಣ: ಕಥೆಯ ಪದರ ಬಿಡಿಸುವ ಬಗೆ

ಸೋಲಾಪುರ ಜಿಲ್ಲೆಯ ನಮ್ಮ ಕಡೆ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಹೊರಗೆ ಅಂಗಡಿ ಬೋರ್ಡು, ಬಸ್ಸಿನ ಫಲಕ ಎಲ್ಲ ಮರಾಠಿ. ಒಳಗೆ ಮಾತ್ರ ತಿಂಗಳಿಡೀ ಕನ್ನಡ. ಹೋದ ವರ್ಷ ಬಸವ ಪುರಾಣ ನಡೆದಿತ್ತು. ಎಂಟು ವರ್ಷದ ಬಾಲಕ ಬಸವ ತಂದೆಯ ಎದುರು ನಿಂತು "ನನಗೆ ಜನಿವಾರ ಬೇಡ" ಎನ್ನುವ ಭಾಗ ಬಂದಾಗ ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಕಾಕಾನಿಗೆ ನಾನು ಮೆಲ್ಲಗೆ ಹೇಳಿದೆ: "ಕಾಕಾ, ಹರಿಹರ ಹಿಂಗ ಬರದಿಲ್ಲ."

ಕಾಕಾ ಬಿಡಲಿಲ್ಲ. "ಎಲ್ಲಾ ಪುರಾಣದಾಗೂ ಇದ ಐತಲ್ಲೋ? ಇಷ್ಟ ಮಂದಿ ಬರದದ್ದು ಸುಳ್ಳ ಹೆಂಗ ಆಗ್ತದ?"

ಈ ಪ್ರಶ್ನೆಯನ್ನು ನಾನು ತುಂಬಾ ಸಲ ಕೇಳಿದ್ದೇನೆ. ಜಾಸ್ತಿ ಜನ ಹೇಳಿದ್ದು ಜಾಸ್ತಿ ನಿಜ ಅನ್ನುವುದು ನಮ್ಮೆಲ್ಲರ ಲೆಕ್ಕ. ಆದರೆ ಸಂತರ ಚರಿತ್ರೆಯಲ್ಲಿ ಈ ಲೆಕ್ಕ ಕೆಡುವುದೇ ಹೆಚ್ಚು. ಯಾಕೆ ಅನ್ನುವುದನ್ನು ಬಸವಣ್ಣನ ಕಥೆಯನ್ನೇ ಹಿಡಿದು ನೋಡೋಣ.

ಮೊದಲು ಪುಸ್ತಕಗಳನ್ನು ಕಾಲದ ಸಾಲಿನಲ್ಲಿ ಇಡಬೇಕು. ಬಸವಣ್ಣ ಇದ್ದದ್ದು 12ನೇ ಶತಮಾನದಲ್ಲಿ. ಅವನು ತೀರಿದ ಮೇಲೆ ಒಂದೆರಡು ತಲೆಮಾರಿನೊಳಗೆ ಹಂಪೆಯ ಹರಿಹರ 'ಬಸವರಾಜದೇವರ ರಗಳೆ' ಬರೆದ. ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ 'ಬಸವ ಪುರಾಣ' ಬರೆದ. 1369ರಲ್ಲಿ ಭೀಮಕವಿ ಕನ್ನಡದ 'ಬಸವ ಪುರಾಣ' ಮುಗಿಸಿದ. ಸುಮಾರು 1500ರ ಹೊತ್ತಿಗೆ ಸಿಂಗಿರಾಜನ ಪುರಾಣ ಬಂತು. ನಮ್ಮ ಮಠಗಳಲ್ಲಿ ಓದುವುದು ಬಹುಮಟ್ಟಿಗೆ ಭೀಮಕವಿಯ ಕಥೆ, ಇಲ್ಲವೇ ಅದರಿಂದ ಹುಟ್ಟಿದ ಕಥೆ.

ಈಗ ಜನಿವಾರದ ಸಂಗತಿಗೆ ಬರೋಣ. ಸೋಮನಾಥನಲ್ಲಿ ಎಂಟರ ಬಾಲಕ ಉಪನಯನವನ್ನೇ ಒಲ್ಲೆ ಅನ್ನುತ್ತಾನೆ. ತಂದೆ ಮಾದಿರಾಜನ ಜೊತೆ ವಾದ ಮಾಡುತ್ತಾನೆ. ಭೀಮಕವಿಯಲ್ಲೂ ಹಾಗೇ. ಹರಿಹರನಲ್ಲಿ ಕಥೆ ಬೇರೆ. ಅಲ್ಲಿ ಉಪನಯನ ಆಗಿಹೋಗಿದೆ. ತಂದೆ ತಾಯಿ ತೀರಿದ್ದಾರೆ, ಅಜ್ಜಿ ಸಾಕುತ್ತಾಳೆ. ಹದಿನಾರು ತುಂಬಿದ ಮೇಲೆ, ಶಿವಭಕ್ತಿಯೂ ಈ ಕರ್ಮವೂ ಒಟ್ಟಿಗೆ ಹೋಗುವುದಿಲ್ಲ ಅನ್ನಿಸಿ, ಅವನೇ ಜನಿವಾರವನ್ನು ಕಿತ್ತೆಸೆದು ಕೂಡಲಸಂಗಮದ ಹಾದಿ ಹಿಡಿಯುತ್ತಾನೆ.

ಸೋಮನಾಥ, ಭೀಮಕವಿ, ಆಮೇಲಿನವರು ಒಂದು ಕಡೆ. ಹರಿಹರ ಒಬ್ಬನೇ ಇನ್ನೊಂದು ಕಡೆ. ಕಾಕಾನ ಲೆಕ್ಕದಲ್ಲಿ ಹರಿಹರ ಸೋತ. ಆದರೆ ಭೀಮಕವಿ ಬರೆದದ್ದು ಸೋಮನಾಥನ ತೆಲುಗು ಪುರಾಣವನ್ನು ಕನ್ನಡಕ್ಕೆ ತಂದು. ಹಾಗಾಗಿ ಅಲ್ಲಿ ಇರುವುದು ಇಬ್ಬರು ಸಾಕ್ಷಿಗಳಲ್ಲ, ಒಬ್ಬನೇ.

ಇದನ್ನು ನಮ್ಮ ಕಡೆಯ ಜನಕ್ಕೆ ಹೊಲದ ಕಾಗದದಿಂದ ಹೇಳಿದರೆ ಬೇಗ ತಿಳಿಯುತ್ತದೆ. ತಲಾಠಿ ಕಚೇರಿಯಿಂದ ಹತ್ತು ಸಲ ಸಾತಬಾರಾ ಉತಾರಾ, ಅಂದರೆ ಹೊಲದ ಪಹಣಿ, ತೆಗೆಸಿದಿರಿ ಅನ್ನಿ. ಹತ್ತರಲ್ಲೂ ನಿಮ್ಮ ಅಜ್ಜನ ಹೆಸರಿನ ಮುಂದೆ ಒಂದೇ ತಪ್ಪು ಗುಂಟೆ ಲೆಕ್ಕ ಇದೆ. ಹತ್ತು ಕಾಗದ ಒಂದೇ ಮಾತು ಹೇಳುತ್ತಿವೆ ಅಂತ ಆ ಲೆಕ್ಕ ಸರಿಯಾಗುತ್ತದಾ? ಹತ್ತೂ ಬಂದದ್ದು ಒಂದೇ ದಫ್ತರದಿಂದ. ಆ ತಪ್ಪು ಎಂದು ಹೊಕ್ಕಿತು ಅಂತ ತಿಳಿಯಬೇಕಾದರೆ ಹೊಲದ ಹಕ್ಕು ಬದಲಾದದ್ದನ್ನೆಲ್ಲ ಬರೆದಿಡುವ ಫೇರಫಾರ ನೋಂದಣಿ ತೆಗೆದು, ಹಿಂದಕ್ಕೆ ಹಿಂದಕ್ಕೆ ಹೋಗಿ, ಯಾವ ವರ್ಷದವರೆಗೆ ಸರಿ ಇತ್ತು, ಯಾವ ವರ್ಷದಿಂದ ಬದಲಾಯಿತು ಅಂತ ನೋಡಬೇಕು.

ಮೊಸರಿನ ಹೆಪ್ಪೂ ಹೀಗೇ. ಓಣಿಯ ಎಂಟು ಮನೆಯಲ್ಲೂ ಮೊಸರು ಒಂದೇ ಥರ ಹುಳಿ ಅಂದರೆ, ಎಂಟು ಎಮ್ಮೆಗೂ ಒಂದೇ ಗುಣ ಅಂತಲ್ಲ. ಒಬ್ಬರ ಮನೆಯ ಹೆಪ್ಪು ಎಂಟು ಮನೆಗೆ ಹೋಗಿದೆ. ಪುಸ್ತಕಗಳಲ್ಲಿ ಮೊದಲು ಹುಡುಕಬೇಕಾದ್ದು ಯಾರು ಯಾರ ಮನೆಯಿಂದ ಹೆಪ್ಪು ತಂದರು ಅನ್ನುವುದನ್ನು. ಹಳೆಯ ಪುಸ್ತಕದಲ್ಲಿ ಇಲ್ಲದ ಒಂದೇ ವಿವರ ಎರಡು ಹೊಸ ಪುಸ್ತಕಗಳಲ್ಲಿ ಇದ್ದರೆ, ಅವೆರಡರ ನಡುವೆ ನಂಟಿದೆಯಾ ಅಂತ ಮೊದಲು ಅನುಮಾನಿಸಬೇಕು. ಸತ್ಯಾಸತ್ಯದ ಮಾತು ಆಮೇಲೆ.

ಹಾಗಾದರೆ ಉಳಿದದ್ದು ಇಬ್ಬರು: ಹರಿಹರ ಮತ್ತು ಸೋಮನಾಥ. ಇಬ್ಬರೂ ಹಳಬರು. ಇವರಿಬ್ಬರು ಬೇರೆಯಾದಾಗ ವಯಸ್ಸು ನೋಡಿ ಪ್ರಯೋಜನವಿಲ್ಲ. ಕಥೆ ಯಾವ ಕಡೆಯಿಂದ ಯಾವ ಕಡೆಗೆ ಬದಲಾಗುವುದು ಸಹಜ ಅಂತ ನೋಡಬೇಕು. ಭಕ್ತರ ಬಾಯಲ್ಲಿ ಕಥೆ ಬೆಳೆಯುವಾಗ ದೊಡ್ಡವನ ಸಣ್ಣತನಗಳು ಉದುರುತ್ತವೆ, ದೊಡ್ಡತನ ಬೇಗ ಶುರುವಾಗುತ್ತದೆ. ಹದಿನಾರರಲ್ಲಿ ಯೋಚಿಸಿ ಬಿಟ್ಟದ್ದು ಎಂಟರಲ್ಲೇ ಧಿಕ್ಕರಿಸಿದ್ದಾಗಿ ಬದಲಾಗುವುದು ಸುಲಭ. ಎಂಟರಲ್ಲಿ ಧಿಕ್ಕರಿಸಿದ ವೀರನನ್ನು ಯಾವ ಭಕ್ತ ಕವಿ ತಾನೇ ಎಂಟು ವರ್ಷ ಜನಿವಾರ ಹಾಕಿಸಿ ಕೂರಿಸುತ್ತಾನೆ?

ಕೈಲಾಸದ ಭಾಗದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹರಿಹರನಲ್ಲಿ ಬಸವಣ್ಣ ಹಿಂದಿನ ಜನ್ಮದಲ್ಲಿ ವೃಷಭಮುಖ ಅನ್ನುವ ಗಣ. ಶಿವ ಕೊಟ್ಟ ಪ್ರಸಾದದ ಹೂವನ್ನು ಎಲ್ಲರಿಗೂ ಹಂಚುವಾಗ ಷಣ್ಮುಖನಿಗೆ ಕೊಡುವುದನ್ನು ಮರೆಯುತ್ತಾನೆ. ಆ ತಪ್ಪಿಗೆ ಭೂಮಿಯಲ್ಲಿ ಹುಟ್ಟಬೇಕಾಗುತ್ತದೆ. ಸೋಮನಾಥನಲ್ಲಿ ತಪ್ಪೂ ಇಲ್ಲ, ಶಿಕ್ಷೆಯೂ ಇಲ್ಲ. ಭೂಮಿಯಲ್ಲಿ ಶಿವಭಕ್ತಿ ಕುಂದಿದೆ ಅಂತ ನಾರದ ಬಂದು ಹೇಳುತ್ತಾನೆ, ಶಿವ ನಂದಿಯನ್ನೇ ಕಳಿಸುತ್ತಾನೆ. ಹೂವು ಹಂಚುವಾಗ ಮರೆತವನು ಲೋಕ ಉದ್ಧಾರಕ್ಕೆ ಬಂದ ನಂದಿಯಾದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಓದಿದ ಗೆಳೆಯರು ಕೆಲವರು ಹಳೆಯದರಲ್ಲಿ ಪವಾಡ ಇರುವುದಿಲ್ಲ, ಹೊಸದರಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದಾರೆ. ಕೈಲಾಸ, ಪೂರ್ವಜನ್ಮ ಎಲ್ಲ ಹರಿಹರನಲ್ಲೇ ಇದೆ ಅಲ್ವಾ? ಪವಾಡ ಇದೆಯೋ ಇಲ್ಲವೋ ಅನ್ನುವುದರಿಂದ ಪದರ ಗೊತ್ತಾಗುವುದಿಲ್ಲ. ಪವಾಡಗಳ ಸಂಖ್ಯೆ ಏರುವುದನ್ನು ನೋಡಬಹುದು. ಸಿಂಗಿರಾಜನ ಹೊತ್ತಿಗೆ ಅದು 88ಕ್ಕೆ ಮುಟ್ಟಿತು.

ಇನ್ನು ನಮ್ಮ ಮನೆ ಬಾಗಿಲಿನ ಸಂಗತಿ. ಇದಕ್ಕಾಗಿಯೇ ನನಗೆ ಈ ವಿಷಯದ ಹುಚ್ಚು ಹಿಡಿದದ್ದು. ಕೂಡಲಸಂಗಮದಿಂದ ಹೊರಟ ಹರಿಹರನ ಬಸವಣ್ಣ ಬಂದು ಸೇರುವುದು ಮಂಗಳವಾಡಕ್ಕೆ, ಅಂದರೆ ಇಂದಿನ ಮಂಗಳವೇಢೆಗೆ. ನಮ್ಮ ಜಿಲ್ಲೆಯದೇ ಊರು, ಜೋಳಕ್ಕೆ ಹೆಸರುವಾಸಿ. ಅಲ್ಲಿ ಬಿಜ್ಜಳನ ಕರಣಿಕರು ಲೆಕ್ಕ ಬರೆಯುವ ಜಾಗದಲ್ಲಿ ಲೆಕ್ಕದ ತಪ್ಪು ಹಿಡಿದು, ಸಿದ್ಧದಂಡಾಧಿಪನ ಕಣ್ಣಿಗೆ ಬಿದ್ದು, ಕರಣಿಕನಾಗಿ ಕೆಲಸಕ್ಕೆ ಸೇರುತ್ತಾನೆ. ಸೋಮನಾಥನಲ್ಲಿ ಊರು ಕಲ್ಯಾಣ. ಬಸವಣ್ಣನ ಸೋದರಮಾವ ಬಲದೇವನೇ ಬಿಜ್ಜಳನ ಮಂತ್ರಿ. ಅವನು ಮಗಳನ್ನು ಕೊಡುತ್ತಾನೆ, ಅವನು ತೀರಿದ ಮೇಲೆ ಆ ಅಧಿಕಾರಕ್ಕೆ ಬಸವಣ್ಣನಿಗೆ ಕರೆ ಬರುತ್ತದೆ.

ಯಾವುದು ಯಾವುದರಿಂದ ಬೆಳೆದಿರಬಹುದು? ಇಲ್ಲಿ ಪುರಾಣದ ಹೊರಗಿನ ಸಾಕ್ಷಿ ಇದೆ. ಕಲಚುರಿ ಬಿಜ್ಜಳ ಮೊದಲು ಚಾಲುಕ್ಯರ ಕೆಳಗಿನ ಮಹಾಮಂಡಳೇಶ್ವರ. ಅವನ ನೆಲೆ ಮಂಗಳವಾಡ. ಕಲ್ಯಾಣದ ಗದ್ದುಗೆ ಅವನ ಕೈಗೆ ಬಂದದ್ದು ಆಮೇಲೆ, 1150ರ ದಶಕದ ಕೊನೆಯಿಂದ ಈಚೆಗೆ. ಬಹು ದೂರದ ಹಂಪೆಯಲ್ಲಿ ಕೂತ ಹರಿಹರನಿಗೆ ಮಂಗಳವಾಡದ ಹೆಸರು ಸುಮ್ನೆ ಹೊಳೆಯುವಂಥದ್ದಲ್ಲ. ಕಲ್ಯಾಣ ಅಂದರೆ ಎಲ್ಲರಿಗೂ ಗೊತ್ತಿದ್ದ ರಾಜಧಾನಿ. ಮರೆಯಾಗುತ್ತಿದ್ದ ಸಣ್ಣ ಊರಿನ ಜಾಗಕ್ಕೆ ದೊಡ್ಡ ಊರು ಬಂದು ಕೂರುವುದು ಸಹಜ, ತಿರುಗಮುರುಗ ಆಗುವುದು ಕಷ್ಟ. ಲೆಕ್ಕ ಬರೆಯುವವ ಮಂತ್ರಿಯ ಅಳಿಯನಾಗಿ ಬೆಳೆಯುವುದೂ ಅದೇ ದಾರಿಯಲ್ಲಿ.

ಮೊದಲು ಮಂಗಳವಾಡ, ಆಮೇಲೆ ಬಿಜ್ಜಳನ ಜೊತೆ ಕಲ್ಯಾಣ ಅಂತ ಎರಡನ್ನೂ ಕೂಡಿಸಿ ಬರೆಯುವವರು ಬಹಳ. ಚರಿತ್ರೆಗೆ ಅದು ಹೊಂದುತ್ತದೆ, ನಿಜವೂ ಇರಬಹುದು. ಆದರೆ ಎರಡು ಕಥೆ ಜೋಡಿಸಿದಾಗ ಹುಟ್ಟುವುದು ಮೂರನೆಯ ಕಥೆ, ಅದನ್ನು ಜೋಡಿಸಿದವರು ನಾವು. ಇದನ್ನು ಓದುಗರಿಗೆ ತಿಳಿಸದೆ ಬರೆದರೆ ಫೇರಫಾರದಲ್ಲಿ ನಾವೂ ಒಂದು ನಮೂದು ಸೇರಿಸಿದ ಹಾಗೆ.

ಕಲ್ಲುಗಳೂ ಮಾತಾಡುತ್ತವೆ, ಆದರೆ ಕೇಳಿದ್ದಕ್ಕೆಲ್ಲ ಅಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನ ಇದೆ. ಅದರಲ್ಲಿ ಬಾಗೇವಾಡಿ, ಮಾದಿರಾಜ, ಅವನ ಮಗ ಬಸವರಾಜ ಅಂತ ಹೆಸರುಗಳಿವೆ. ಅದು ಒಬ್ಬ ಕವಿ ಇನ್ನೊಬ್ಬನನ್ನು ನೋಡಿ ಬರೆದ ಕಾವ್ಯವಲ್ಲ, ಕಾಲವೂ ಹತ್ತಿರದ್ದು. ಅದಕ್ಕೇ ಊರು, ತಂದೆಯ ಹೆಸರು ಎರಡೂ ಗಟ್ಟಿ ಆದವು. ಜನಿವಾರದ ಜಗಳಕ್ಕೆ ಆ ಕಲ್ಲು ಉತ್ತರ ಕೊಡುವುದಿಲ್ಲ.

ತಡವಾಗಿ ಸೇರುವುದು ಹೊಗಳಿಕೆ ಮಾತ್ರ ಅಂತಲೂ ತಿಳಿಯಬಾರದು. ಬಸವಣ್ಣನಿಗೆ ಪದ್ಮಾವತಿ ಅನ್ನುವ ಚೆಲುವೆ ತಂಗಿ ಇದ್ದಳು, ಅವಳನ್ನು ಬಿಜ್ಜಳ ಮದುವೆಯಾದ, ಅದರಿಂದಲೇ ಬಸವಣ್ಣ ಮೇಲೆ ಬಂದ ಅನ್ನುವ ಕಥೆಯನ್ನು 19ನೇ ಶತಮಾನದ ಇಂಗ್ಲಿಷ್ ಬರಹಗಾರರು ಚರಿತ್ರೆ ಅಂತಲೇ ಬರೆದರು. ಹುಡುಕುತ್ತಾ ಹೋದರೆ ಅದು ಸಿಗುವುದು 'ಬಿಜ್ಜಳರಾಯ ಚರಿತೆ'ಯಂಥ ತೀರಾ ಈಚಿನ ಜೈನ ಕೃತಿಯಲ್ಲಿ. ಘಟನೆ ನಡೆದು ಸುಮಾರು 500 ವರ್ಷ ಆದ ಮೇಲಿನದು. ಹರಿಹರನಲ್ಲಿ ಇಲ್ಲ, ಸೋಮನಾಥನಲ್ಲಿ ಇಲ್ಲ. ಹೊಗಳಿಕೆಯನ್ನು ತೂಗಿದ ತಕ್ಕಡಿಯಲ್ಲೇ ಈ ತೆಗಳಿಕೆಯನ್ನೂ ತೂಗಬೇಕು. ನಮಗೆ ಬೇಡವಾದ್ದಕ್ಕೆ ಮಾತ್ರ ತಕ್ಕಡಿ ಹಿಡಿದರೆ ಅದು ವಿಜ್ಞಾನ ಅಲ್ಲ.

ಪುರಾಣ ಮುಗಿದ ರಾತ್ರಿ ಮನೆಗೆ ನಡೆಯುತ್ತಾ ಇದನ್ನೆಲ್ಲ ಕಾಕಾನಿಗೆ ಹೇಳಿದೆ. ಮಂಗಳವೇಢೆಯ ಹೆಸರು ಬಂದಾಗ ಅವರು ನಿಂತುಬಿಟ್ಟರು. "ನಮ್ಮ ಮಂಗಳವೇಢೇನ? ವಾರದ ಸಂತಿಗೆ ಹೋಗ್ತೀವಲ್ಲ, ಅದ?"

"ಹೂಂ, ಅದ."

ಸ್ವಲ್ಪ ದೂರ ನಡೆದ ಮೇಲೆ ಕೇಳಿದರು: "ಹಂಗಾರ ಹರಳಯ್ಯ, ಮಧುವರಸರ ಮಕ್ಕಳ ಮದುವಿ? ಆ ಗದ್ದಲ? ಹರಿಹರ ಅದನ್ನ ಬರದಿಲ್ಲಂದ್ರ ಅದೂ ಆಮೇಲೆ ಸೇರಿಸಿದ್ದ ಏನು?"

ಒಳ್ಳೆಯ ಪ್ರಶ್ನೆ. ಜಾತಿ ಮೀರಿದ ಆ ಮದುವೆಯಿಂದಲೇ ಬಸವಣ್ಣನ ಕೊನೆಯ ದಿನಗಳ ಗದ್ದಲ ಎದ್ದಿತು ಅನ್ನುವುದು ಕಥೆ. ಎಷ್ಟೋ ಓದಿದವರು ಎಡವಿದ್ದೂ ಇಲ್ಲೇ. ಹಳೆಯ ಪುಸ್ತಕದಲ್ಲಿ ಇಲ್ಲ ಅನ್ನಬೇಕಾದರೆ ಆ ಪುಸ್ತಕ ಪೂರ್ತಿ ಕೈಯಲ್ಲಿ ಇರಬೇಕು. ಹರಿಹರನ ಈ ರಗಳೆಯಲ್ಲಿ ನಮಗೆ ಸಿಕ್ಕಿರುವುದು 13 ಸ್ಥಲ, ಅಂದರೆ 13 ಅಧ್ಯಾಯ, ಮಾತ್ರ. ಬಸವಣ್ಣ ಇನ್ನೂ ಬಿಜ್ಜಳನ ಬಳಿ ಇರುವಾಗಲೇ ಕಥೆ ನಿಂತುಹೋಗುತ್ತದೆ. ಕೊನೆಯ ದಿನಗಳ ಬಗ್ಗೆ ಅವನು ಸುಮ್ಮನಿದ್ದ ಅಂತ ನಾವು ಹೇಳುವ ಹಾಗಿಲ್ಲ. ಉತಾರಾದಲ್ಲಿ ಹೆಸರು ಇಲ್ಲದಿರುವುದು ಬೇರೆ, ದಫ್ತರದ ಹಾಳೆಯೇ ಹರಿದಿರುವುದು ಬೇರೆ.

"ಅಂದ್ರ ಉಳದದ್ದು ಎಲ್ಲೈತಿ?" ಅಂದರು ಕಾಕಾ.

"ಸಿಕ್ಕಿಲ್ಲ ಕಾಕಾ. ಯಾರದರೆ ಮನಿ ಜಂತಿ ಮ್ಯಾಲ ಓಲಿಗರಿ ಕಟ್ಟು ಇದ್ರ ಹೇಳ್ರಿ."

ಮರುದಿನ ಬೆಳಗ್ಗೆ ಅವರು ನಿಜವಾಗಿಯೂ ನಿಚ್ಚಣಿಕೆ ಹಾಕಿ ತಮ್ಮ ಹಳೆಯ ಮನೆಯ ಅಟ್ಟ ಹತ್ತಿದ್ದರು. ಸಿಕ್ಕದ್ದು ಮೋಡಿ ಲಿಪಿಯ ಎರಡು ಕಾಗದದ ಸುರುಳಿ, ಒಂದು ಹಳೆಯ ಪಂಚಾಂಗ. ಆ ಕಾಗದ ಓದಬಲ್ಲವರನ್ನು ಈಗ ಇಬ್ಬರೂ ಕೂಡಿ ಹುಡುಕುತ್ತಿದ್ದೇವೆ.