ಏಳೂವರೆ ಸೆಕೆಂಡು ಒಂದೂ ಮಿಂಚದಿದ್ರೆ: 1910ರ ಟೇಪಲ್ಲಿ ಕಾಯುವ ಸಮಯದ ಲೆಕ್ಕ

1910ರಲ್ಲಿ ಮ್ಯಾಂಚೆಸ್ಟರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಸೇರ್ಕೊಂಡು ಒಂದು ಪ್ರಯೋಗ ಮಾಡಿದ್ರು, ಕೇಳಿದ್ರೆ ಬೋರು ಅನ್ಸತ್ತೆ ಆದ್ರೆ ಅದರ ಡೇಟಾ ಇವತ್ತಿಗೂ ಸ್ಟಾಟಿಸ್ಟಿಕ್ಸ್ ಪಾಠದಲ್ಲಿ ಓಡಾಡ್ತಾನೇ ಇದೆ. ಪುಟ್ಟ ಬಿಲ್ಲೆ ಮೇಲೆ ಪೊಲೋನಿಯಂ ಲೇಪಿಸಿ ಎದುರಿಗೆ ಜಿಂಕ್ ಸಲ್ಫೈಡ್ ಪರದೆ ಇಡೋದು, ಪೊಲೋನಿಯಂನಿಂದ ಹೊರಟ ಆಲ್ಫಾ ಕಣ ಪರದೆಗೆ ಬಡಿದಾಗ ಒಂದು ಚಿಕ್ಕ ಮಿಂಚು ಕಾಣತ್ತೆ, ಕತ್ತಲಲ್ಲಿ ಮೈಕ್ರೋಸ್ಕೋಪಲ್ಲಿ ಅದನ್ನ ನೋಡ್ತಾ ಪ್ರತಿ ಮಿಂಚಿಗೂ ಕೈಯಲ್ಲೇ ಸರ್ಕ್ಯೂಟ್ ಒತ್ತೋದು, ಓಡ್ತಿರೋ ಟೇಪ್ ಮೇಲೆ ಗುರುತು ಬೀಳತ್ತೆ. ಆಮೇಲೆ ಟೇಪನ್ನ ಏಳೂವರೆ ಸೆಕೆಂಡಿನ ತುಂಡುಗಳಾಗಿ ಭಾಗ ಮಾಡಿ ಒಂದೊಂದರಲ್ಲಿ ಎಷ್ಟು ಗುರುತಿದೆ ಅಂತ ಎಣಿಸಿದ್ರು. ಒಟ್ಟು 2608 ತುಂಡು, ಹತ್ತು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಕಣ, ಅಂದ್ರೆ ತುಂಡಿಗೆ ಸರಾಸರಿ 3.87. ಅದರಲ್ಲಿ 57 ತುಂಡುಗಳಲ್ಲಿ ಒಂದು ಗುರುತೂ ಇರಲಿಲ್ಲ.

ಆ 57ನ್ನ ಸ್ವಲ್ಪ ಹಿಡ್ಕೊಳ್ಳಿ, ಅದನ್ನ ಪೇಪರ್ ಪೆನ್ನಲ್ಲೇ ಮೊದಲೇ ಹೇಳಬಹುದಿತ್ತಾ ಅನ್ನೋದು ನೋಡೋಣ.

ಏಳೂವರೆ ಸೆಕೆಂಡಿಗೆ 3.87 ಅಂದ್ರೆ ಸೆಕೆಂಡಿಗೆ 0.516 ಕಣ. ಇದೇ ದರ, ಇದಕ್ಕೆ λ ಅಂತ ಬರೀತಾರೆ. ಕಣಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬರ್ತಾವೆ, ದರ ಬದಲಾಗಲ್ಲ ಅಂತ ಒಪ್ಕೊಂಡ್ರೆ, ಈಗಿಂದ ಮುಂದಿನ ಕಣದ ತನಕ ಕಾಯೋ ಸಮಯದ ಸಂಭವನೀಯತೆಯ ಸಾಂದ್ರತೆ ಹೀಗಿರತ್ತೆ, ಇದಕ್ಕೆ ಎಕ್ಸ್‌ಪೊನೆನ್ಷಿಯಲ್ ಅಂತಾರೆ:

f(t) = λ e^(−λt), t ≥ 0

ಇದನ್ನ ಎರಡು ತುಂಡಾಗಿ ಓದ್ಬೇಕು. e^(−λt) ಅನ್ನೋದು t ತನಕ ಏನೂ ಬರದೆ ಇರೋ ಭಾಗ, ಮುಂದಿರೋ λ ಅನ್ನೋದು ಸರಿಯಾಗಿ ಆ ಹೊತ್ತಿಗೆ ಒಂದು ಬಂದುಬಿಡೋ ದರ. ಎರಡನ್ನೂ ಗುಣಿಸಿದ್ರೆ ಮೊದಲನೇ ಕಣ t ಹತ್ತಿರ ಬರೋದರ ಸಾಂದ್ರತೆ. ಗ್ರಾಫ್ ಹಾಕಿದ್ರೆ ಅತಿ ಎತ್ತರ ಇರೋದು ಸೊನ್ನೆಯಲ್ಲೇ, ಅಲ್ಲಿಂದ ಬರೀ ಇಳಿಜಾರು. ತುಂಬಾ ಜನಕ್ಕೆ ಇದು ಮೊದಲು ವಿಚಿತ್ರ ಅನ್ಸತ್ತೆ, ಸರಾಸರಿ ಎರಡು ಸೆಕೆಂಡಿಗೊಂದು ಕಣ ಅಂದ್ಮೇಲೆ ಎರಡು ಸೆಕೆಂಡಿನ ಅಕ್ಕಪಕ್ಕ ಗುಡ್ಡ ಇರ್ಬೇಕು ಅಂತ ಮನಸ್ಸು ಹೇಳತ್ತೆ, ಆದ್ರೆ ಇಲ್ಲಿ ಗುಡ್ಡಾನೇ ಇಲ್ಲ, ಒಂದರ ಹಿಂದೆ ಒಂದು ಅಂಟ್ಕೊಂಡು ಬರೋ ಚಿಕ್ಕ ಚಿಕ್ಕ ಗ್ಯಾಪುಗಳೇ ಜಾಸ್ತಿ.

ಸಾಂದ್ರತೆಯ ಎತ್ತರ ಸಂಭವನೀಯತೆ ಅಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. f(0) = 0.516 ಅಂದ್ರೆ 51.6% ಅಲ್ಲ, ಅದು "ಪ್ರತಿ ಸೆಕೆಂಡಿಗೆ" 0.516. ಅದೇ ದರನ ನಿಮಿಷದಲ್ಲಿ ಬರೆದ್ರೆ f(0) ಸುಮಾರು 31 ಆಗತ್ತೆ, ಸಂಭವನೀಯತೆ 31 ಆಗೋಕೆ ಸಾಧ್ಯಾನೇ ಇಲ್ವಲ್ಲ. ಸಂಭವನೀಯತೆ ಬೇಕಂದ್ರೆ ರೇಖೆಯ ಕೆಳಗಿನ ಜಾಗ ಅಳೀಬೇಕು, ಅದಕ್ಕೇ ಇಂಟಿಗ್ರೇಶನ್.

ಮೊದಲು ಮಧ್ಯಾಂಕ. ಅರ್ಧದಷ್ಟು ಗ್ಯಾಪುಗಳು ಯಾವ ಸಮಯದೊಳಗೆ ಮುಗಿದಿರ್ತಾವೋ ಆ ಸಮಯ m. ಅಂದ್ರೆ 0 ಇಂದ m ತನಕ ಜಾಗ ಸರಿಯಾಗಿ ಅರ್ಧ ಆಗ್ಬೇಕು:

∫₀ᵐ λ e^(−λt) dt = 1/2

λ e^(−λt) ದ ಇಂಟಿಗ್ರಲ್ −e^(−λt). ಮೇಲಿನ ಮಿತಿ ಹಾಕಿದ್ರೆ −e^(−λm), ಕೆಳಗಿನ ಮಿತಿ ಹಾಕಿದ್ರೆ −1, ಮೊದಲನೇದರಲ್ಲಿ ಎರಡನೇದನ್ನ ಕಳೆದ್ರೆ 1 − e^(−λm). ಇದು ಅರ್ಧಕ್ಕೆ ಸಮ, ಹಾಗಾಗಿ e^(−λm) ಕೂಡ ಅರ್ಧ, ಎರಡೂ ಕಡೆ ಲಾಗ್ ತಗೊಂಡ್ರೆ m = ln 2 / λ. ನಮ್ಮ ಟೇಪಿಗೆ 0.693 / 0.516, ಅಂದ್ರೆ 1.34 ಸೆಕೆಂಡು.

ಇಲ್ಲಿ ಪರೀಕ್ಷೆ ಪೇಪರುಗಳಲ್ಲಿ ಮತ್ತೆ ಮತ್ತೆ ಕಾಣೋ ತಪ್ಪು ಒಂದಿದೆ. ಕೆಳಗಿನ ಮಿತಿ ಸೊನ್ನೆ ಅಲ್ವಾ, ಹಾಕಿದ್ರೂ ಸೊನ್ನೇನೇ ಬರೋದು ಅಂತ ಬಿಟ್ಬಿಡ್ತಾರೆ. ಆದ್ರೆ e^0 ಅಂದ್ರೆ 1. ಅದನ್ನ ಬಿಟ್ರೆ −e^(−λm) = 1/2 ಅಂತ ಉಳಿಯತ್ತೆ, ಎಡಗಡೆ ಯಾವಾಗ್ಲೂ ನೆಗೆಟಿವ್, ಬಲಗಡೆ ಪಾಸಿಟಿವ್, ಉತ್ತರಾನೇ ಇಲ್ಲ. ಪುಣ್ಯಕ್ಕೆ ಈ ತಪ್ಪು ತಾನಾಗೇ ಸಿಕ್ಕಿಬೀಳತ್ತೆ, ಕೆಲವರು ಮಾತ್ರ ಆ ಮೈನಸ್ಸನ್ನ ಮೆಲ್ಲಗೆ ಅಳಿಸಿಬಿಟ್ಟು ಸರಿ ಉತ್ತರಾನೇ ತಲುಪ್ತಾರೆ, ಅವರಿಗೆ ಏನು ಹೇಳೋದೋ ಗೊತ್ತಿಲ್ಲ!

ಸರಾಸರಿ ಗ್ಯಾಪ್ 1/λ, ಅಂದ್ರೆ 1.94 ಸೆಕೆಂಡು. ಮಧ್ಯಾಂಕ 1.34. ಸರಾಸರಿಗಿಂತ ಮೂವತ್ತು ಪರ್ಸೆಂಟ್ ಕಮ್ಮಿ, ದರ ಎಷ್ಟೇ ಇರ್ಲಿ ಈ ಅನುಪಾತ ಮಾತ್ರ 0.693 ಆಗೇ ಇರತ್ತೆ. ಯಾಕಂದ್ರೆ ಅಪರೂಪಕ್ಕೆ ಬರೋ ಉದ್ದನೆಯ ಗ್ಯಾಪುಗಳು ಸರಾಸರಿಯನ್ನ ಮೇಲಕ್ಕೆ ಎಳೀತಾವೆ, ಮಧ್ಯಾಂಕಕ್ಕೆ ಅವು ಎಷ್ಟು ಉದ್ದ ಅನ್ನೋದು ಲೆಕ್ಕಕ್ಕೇ ಇಲ್ಲ, ಅರ್ಧಗೆರೆಯ ಆಚೆ ಇದಾವೆ ಅಷ್ಟೇ ಸಾಕು. ಎಂಎಸ್ಸಿ ಫಿಸಿಕ್ಸ್ ಲ್ಯಾಬಲ್ಲಿ ಇಂಥ ಕಣಗಳನ್ನ ಎಣಿಸೋ ಜಿಎಂ ಕೌಂಟರ್ ಇಟ್ಕೊಂಡವರು ಗ್ಯಾಪುಗಳನ್ನ ಬರ್ಕೊಂಡು ಮಧ್ಯಾಂಕನ ಸರಾಸರಿಯಿಂದ ಭಾಗಿಸಿ ನೋಡಬಹುದು, 0.69 ಹತ್ತಿರ ಬರದೆ 0.9 ಬಂತಂದ್ರೆ ಎಕ್ಸ್‌ಪೊನೆನ್ಷಿಯಲ್ ಅಂತ ನಂಬಿದ್ದು ತಪ್ಪು ಅಥವಾ ಎಣಿಕೆಯಲ್ಲಿ ಏನೋ ಎಡವಟ್ಟಾಗಿದೆ.

ಈಗ ಬಾಲ. ಒಂದು ಸಮಯ s ಆದ್ಮೇಲೂ ಇನ್ನೂ ಕಾಯ್ತಾನೇ ಇರೋ ಸಂಭವನೀಯತೆ ಅಂದ್ರೆ s ಇಂದ ಅನಂತದ ತನಕ ಇರೋ ಜಾಗ. ಅದೇ ಇಂಟಿಗ್ರಲ್, ಮಿತಿಗಳು ಬೇರೆ: ಮೇಲ್ಗಡೆ ಅನಂತದಲ್ಲಿ e^(−λt) ಸೊನ್ನೆಗೆ ಇಳಿದುಬಿಡತ್ತೆ, ಕೆಳಗಡೆಯಿಂದ e^(−λs) ಉಳಿಯತ್ತೆ. ಅಷ್ಟೇ, P(T > s) = e^(−λs). ಸಾಂದ್ರತೆ ಕಟ್ಟುವಾಗಲೇ ಇದನ್ನ ಒಳಗೆ ಹಾಕಿದ್ವಲ್ಲ ಅಂತ ಯಾರಾದ್ರೂ ಕೇಳಿದ್ರೆ ಹೌದು, ಹಾಕಿದ್ದೇ ವಾಪಸ್ ಬಂದಿದೆ, ಬರದಿದ್ರೆ ಮಾತ್ರ ಗಾಬರಿಯಾಗ್ಬೇಕಿತ್ತು.

s = 7.5 ಹಾಕಿ. λs = 3.87, e^(−3.87) = 0.0209. ಬೇರೆ ದಾರೀಲಿ ನೋಡ್ಬೇಕಂದ್ರೆ ಪ್ರತಿ 1.34 ಸೆಕೆಂಡಿಗೆ ಬಾಲ ಅರ್ಧ ಆಗತ್ತೆ, ಏಳೂವರೆಯಲ್ಲಿ ಅಂಥ ಐದೂವರೆಗಿಂತ ಸ್ವಲ್ಪ ಜಾಸ್ತಿ ಅರ್ಧಗಳು, ಐದು ಸಲ ಅರ್ಧ ಮಾಡಿದ್ರೆ 1/32, ಆರು ಸಲ ಮಾಡಿದ್ರೆ 1/64, ನಮ್ಮ 0.0209 ಅಂದ್ರೆ ಸುಮಾರು 1/48, ನಡುವೆ ಸರಿಯಾಗಿ ಕೂತಿದೆ. 2608 ತುಂಡಿಗೆ 0.0209 ಗುಣಿಸಿದ್ರೆ 54.4. ಟೇಪಲ್ಲಿ ಇದ್ದಿದ್ದು 57. ಇಂಥ ಎಣಿಕೆಯಲ್ಲಿ ಬರೀ ಅದೃಷ್ಟದಿಂದಲೇ ಏಳರಷ್ಟು ಆಚೀಚೆ ಆಗೋದು ಮಾಮೂಲಿ, ಎರಡೂವರೆ ವ್ಯತ್ಯಾಸ ಏನೇನೂ ಅಲ್ಲ.

ಆದ್ರೆ ಇಲ್ಲಿ ಒಂದು ಪ್ರಶ್ನೆ ಏಳ್ಬೇಕು. ಇಂಟಿಗ್ರಲ್ ಮಾಡಿದ್ದು ಎರಡು ಕಣಗಳ ನಡುವಿನ ಗ್ಯಾಪಿಗೆ ಅಂತಿಟ್ಕೊಂಡ್ರೆ, ಟೇಪಿನ ತುಂಡು ಶುರುವಾಗೋದು ಯಾವುದೋ ಕಣ ಬಂದ ಕ್ಷಣದಲ್ಲಲ್ಲ, ಗಡಿಯಾರದ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ, ಹಿಂದಿನ ಕಣ ಬಂದು ಅರ್ಧ ಸೆಕೆಂಡ್ ಆಗಿರಬಹುದು ಮೂರು ಸೆಕೆಂಡೂ ಆಗಿರಬಹುದು. ಹಾಗಿದ್ರೂ ಅದೇ ಸೂತ್ರ ಯಾಕೆ ನಡೀತು? ಈಗಾಗ್ಲೇ s ಸೆಕೆಂಡ್ ಕಾದಾಗಿದೆ, ಇನ್ನೂ t ಸೆಕೆಂಡ್ ಕಾಯ್ಬೇಕಾಗೋ ಸಂಭವನೀಯತೆ ಅಂದ್ರೆ e^(−λ(s+t)) ನ e^(−λs) ಇಂದ ಭಾಗಿಸೋದು, ಉಳಿಯೋದು e^(−λt), s ಮಾಯ. ಎಷ್ಟು ಹೊತ್ತು ಕಾದಿದ್ವಿ ಅನ್ನೋದು ಪೊಲೋನಿಯಂಗೆ ಗೊತ್ತೇ ಇಲ್ಲ. ಎಲ್ಲಿಂದ ಗಡಿಯಾರ ಶುರು ಮಾಡಿದ್ರೂ ಮುಂದಿನ ಕಾಯುವಿಕೆ ಹೊಸದಾಗೇ ಶುರು, ಅದಕ್ಕೇ ತುಂಡಿನ ಅಂಚಿಂದ ಎಣಿಸಿದ್ರೂ ಲೆಕ್ಕ ಕೆಡಲಿಲ್ಲ.

ಇದರ ಜೊತೆಗೇ ಎಡವೋ ಜಾಗ ಒಂದಿದೆ. ಸಂಭವನೀಯತೆ ಎರಡಕ್ಕೂ 0.0209 ಆದ್ರೂ ಯಾವುದರಲ್ಲಿ ಎಷ್ಟು ಅನ್ನೋದು ಬೇರೆ. ಖಾಲಿ ತುಂಡುಗಳು 2608ರಲ್ಲಿ ಸುಮಾರು 54. ಏಳೂವರೆ ಸೆಕೆಂಡಿಗಿಂತ ಉದ್ದದ ಗ್ಯಾಪುಗಳು ಎಷ್ಟು ಅಂದ್ರೆ ಹತ್ತು ಸಾವಿರ ಚಿಲ್ಲರೆ ಗ್ಯಾಪುಗಳಲ್ಲಿ ಸುಮಾರು 210 ಬರ್ಬೇಕು. ಎಂಟು ಸೆಕೆಂಡಿನ ಗ್ಯಾಪೊಂದು ಎರಡು ತುಂಡುಗಳ ಮೇಲೆ ಅಡ್ಡ ಬಿದ್ದಿದ್ರೆ ಎರಡೂ ತುಂಡಲ್ಲಿ ಒಂದೊಂದು ಗುರುತು ಇರಬಹುದು, ಯಾವುದೂ ಖಾಲಿ ಅನಿಸ್ಕೊಳ್ಳಲ್ಲ.

ಗ್ರಾಫಿನ ಎಡ ತುದಿಯಲ್ಲಿ ಕಷ್ಟ ಬೇರೆ ಥರದ್ದು. ಹತ್ತನೇ ಒಂದು ಸೆಕೆಂಡಿಗಿಂತ ಚಿಕ್ಕ ಗ್ಯಾಪಿನ ಸಂಭವನೀಯತೆ 1 − e^(−0.0516), ಅಂದ್ರೆ 5%. ಕೈಯಲ್ಲಿ ಒತ್ತೋರಿಗೆ ಅಷ್ಟು ಹತ್ತಿರದ ಎರಡು ಮಿಂಚನ್ನ ಬೇರೆ ಬೇರೆಯಾಗಿ ಒತ್ತೋಕೆ ಆಗ್ಲಿಲ್ಲ ಅಂದ್ರೆ ಇಪ್ಪತ್ತಕ್ಕೊಂದು ಗ್ಯಾಪ್ ಮಾಯ ಆಗತ್ತೆ, ಸಾಂದ್ರತೆ ಅತಿ ಜಾಸ್ತಿ ಇರೋ ಜಾಗದಲ್ಲೇ. ಅದನ್ನ ಪತ್ತೆ ಮಾಡೋದು ಸುಲಭ: s ಗಿಂತ ಉದ್ದದ ಗ್ಯಾಪುಗಳ ಪಾಲಿನ ಲಾಗ್ ತಗೊಂಡು s ಎದುರಿಗೆ ಹಾಕಿದ್ರೆ ನೇರ ಗೆರೆ ಬರ್ಬೇಕು, ಇಳಿಜಾರು −λ. ಶುರುವಲ್ಲೇ ಗೆರೆ ಇಳಿಯದೆ ಚಪ್ಪಟೆಯಾಗಿ ನಿಂತಿದ್ರೆ ಹತ್ತಿರದ ಗ್ಯಾಪುಗಳು ತಪ್ಪಿಹೋಗಿವೆ ಅಂತ. ಬಲಗಡೆ ಹೋಗ್ತಾ ಇಳಿಜಾರು ಕಮ್ಮಿಯಾಗಿ ಮೇಲಕ್ಕೆ ಬಾಗಿದ್ರೆ ದರ ಒಂದೇ ಥರ ಇರಲಿಲ್ಲ ಅಂತ.

ಪೊಲೋನಿಯಂ ವಿಷಯದಲ್ಲಿ ದರ ಒಂದೇ ಥರ ಇರಲ್ಲ ಅಂತ ಮೊದಲೇ ಗೊತ್ತು. ಅದರ ಅರ್ಧಾಯುಷ್ಯ ಸುಮಾರು 138 ದಿನ, ಅದೂ ಒಂದು ಮಧ್ಯಾಂಕಾನೇ, ಒಂದೊಂದು ಪರಮಾಣು ಒಡೆಯೋಕೆ ತಗೊಳ್ಳೋ ಸಮಯದ್ದು. ಸರಾಸರಿ ಆಯುಷ್ಯ ಬೇಕಂದ್ರೆ 0.693 ಇಂದ ಭಾಗಿಸಿ, 200 ದಿನ ಬರತ್ತೆ. ವರ್ಷ ಕಳೆದ್ರೂ ಒಡೆಯದೆ ಉಳಿಯೋ ಬಾಲ 16%. ಪರಮಾಣು ಒಂದಕ್ಕೆ ಈ ಗಡಿಯಾರ, ಕೋಟ್ಯಂತರ ಪರಮಾಣುಗಳಿರೋ ಬಿಲ್ಲೆಯ ಮುಂದೆ ಕೂತೋರಿಗೆ 1.34 ಸೆಕೆಂಡಿನ ಗಡಿಯಾರ, ಎರಡಕ್ಕೂ ಇಂಟಿಗ್ರಲ್ ಒಂದೇ.

138 ದಿನದ ಲೆಕ್ಕದಲ್ಲಿ ಐದು ದಿನಕ್ಕೆ ದರ ಎರಡೂವರೆ ಪರ್ಸೆಂಟ್ ಇಳಿಯತ್ತೆ. ಎರಡೂವರೆ ಏನ್ ಮಹಾ ಅನ್ಸಬಹುದು, ಮಧ್ಯಾಂಕ ಕೂಡ ಅಷ್ಟೇ ಪರ್ಸೆಂಟ್ ಜಾಸ್ತಿ ಆಗತ್ತೆ, 1.34 ಹೋಗಿ 1.38. ಆದ್ರೆ ಬಾಲದಲ್ಲಿ ದರ ಕೂತಿರೋದು ಘಾತದಲ್ಲಿ. 3.87 ಹೋಗಿ 3.77 ಆಗತ್ತೆ, e^(−3.77) ಅಂದ್ರೆ 0.023, 2608 ತುಂಡಿಗೆ ಖಾಲಿ ತುಂಡುಗಳು 54 ಬದಲು 60. ದರದಲ್ಲಿ ಎರಡೂವರೆ ಪರ್ಸೆಂಟ್ ಕಮ್ಮಿ, ಬಾಲದಲ್ಲಿ ಹತ್ತು ಪರ್ಸೆಂಟ್ ಜಾಸ್ತಿ. ರುದರ್‌ಫರ್ಡ್, ಗೈಗರ್ ಇದನ್ನ ಹಾಗೇ ಬಿಡಲಿಲ್ಲ, ದಿನಾ ಪೊಲೋನಿಯಂ ಬಿಲ್ಲೆಯನ್ನ ಪರದೆಗೆ ಇನ್ನೊಂಚೂರು ಹತ್ತಿರ ಸರಿಸಿ ದರ ಸರಿ ಮಾಡ್ಕೊಳ್ತಿದ್ರು. ಸರಿಸದೇ ಇದ್ದಿದ್ರೂ ಖಾಲಿ ತುಂಡುಗಳನ್ನ ಮಾತ್ರ ನೋಡಿ ಅದು ನಮಗೆ ಗೊತ್ತಾಗ್ತಿರಲಿಲ್ಲ, 57 ಅನ್ನೋದು 54ಕ್ಕೂ 60ಕ್ಕೂ ಸರಿಸುಮಾರು ಒಂದೇ ದೂರ, ಏಳರ ಅದೃಷ್ಟದ ಏರಿಳಿತದೊಳಗೆ ಎರಡೂ ಸಲೀಸಾಗಿ ಮುಚ್ಚಿಹೋಗ್ತಾವೆ.