ಸಂತಾಪದ ಸಂದೇಶ ಯಾಕೆ ಅಚ್ಚು ಹಾಕಿದ ಹಾಗಿರುತ್ತೆ?

ಪ್ರಶ್ನೆ: ಸಹೋದ್ಯೋಗಿಯೊಬ್ಬರು ತೀರಿಕೊಂಡಿದ್ದಾರೆ. ಅವರ ಹೆಂಡತಿಗೆ ಕಳಿಸಲು ನಾಲ್ಕು ಸಾಲು ಬರೆದಿದ್ದೇನೆ. ಓದಿದರೆ ಬ್ಯಾನರ್ ಮೇಲಿನ ಬರಹದ ಥರ ಇದೆ. ಸ್ವಲ್ಪ ತಿದ್ದಿಕೊಡ್ತೀರಾ?

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕಳಿಸಿದವರು ಬೇರೆ ಬೇರೆ, ಕರಡು ಮಾತ್ರ ಒಂದೇ. ಈ ಸಲ ಬಂದದ್ದು ಇದು. ತೀರಿಕೊಂಡವರನ್ನು ಮೂರ್ತಿ ಅಂತ ಕರೆಯೋಣ.

"ಮೂರ್ತಿಯವರ ಅಕಾಲಿಕ ಅಗಲಿಕೆಯಿಂದ ಅತೀವ ದುಃಖವಾಗಿದೆ. ಅವರ ನಿಧನ ನಮ್ಮ ಸಂಸ್ಥೆಗೆ ತುಂಬಲಾರದ ನಷ್ಟ. ಮೃತರ ಆತ್ಮಕ್ಕೆ ಚಿರಶಾಂತಿ ದೊರಕಲಿ. ಅವರ ಕುಟುಂಬ ವರ್ಗಕ್ಕೆ ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ. ಯಾವುದೇ ಸಹಾಯ ಬೇಕಾದರೂ ಹಿಂಜರಿಯದೆ ಕೇಳಿ."

ಕೊನೆಯ ಮೂರು ವಾಕ್ಯಗಳನ್ನು ನೋಡಿ. "ದೊರಕಲಿ", "ಕರುಣಿಸಲಿ" ಎರಡೂ ದೇವರಿಗೆ ಹೇಳಿದ ಮಾತು. ಓದುವ ಹೆಂಗಸಿನ ಜೊತೆ ನೇರವಾಗಿ ಮಾತಾಡಿದ್ದು "ಕೇಳಿ" ಅನ್ನುವಲ್ಲಿ ಮಾತ್ರ, ಅದೂ ಅವರಿಗೇ ಒಂದು ಕೆಲಸ ಹಚ್ಚಿ. "ಅವರ ಕುಟುಂಬ ವರ್ಗಕ್ಕೆ" ಅಂತಿದೆಯಲ್ಲ, ಆ ಕುಟುಂಬ ವರ್ಗವೇ ಅಲ್ವಾ ಇದನ್ನು ಓದುತ್ತಿರುವುದು? ಬೆಳಿಗ್ಗೆವರೆಗೆ ಮೂರ್ತಿ ಆಗಿದ್ದವರು ಮೂರನೇ ವಾಕ್ಯಕ್ಕೆ "ಮೃತರು" ಆಗಿಬಿಟ್ಟರು. ಇನ್ನು ಸಂಸ್ಥೆಗೆ ಆದ ನಷ್ಟ. ಗಂಡನನ್ನು ಕಳೆದುಕೊಂಡವರ ಮುಂದೆ ಅದರ ಮಾತು ಯಾಕೆ? ಆ ಕುರ್ಚಿಗೆ ಬೇಗನೆ ಇನ್ನೊಬ್ಬರು ಬರುತ್ತಾರೆ ಅಂತ ಅವರಿಗೂ ಗೊತ್ತು.

ಇಷ್ಟನ್ನೂ ಹೊಡೆದುಹಾಕಿದರೆ ಉಳಿಯುವುದು ಹೆಸರೊಂದೇ. ಅಲ್ಲಿಗೆ ಏನು ಸೇರಿಸಬೇಕು ಅಂದರೆ, ಮೂರ್ತಿಯವರು ಆಫೀಸಿನಲ್ಲಿ ಮಾಡಿದ ಒಂದು ಸಣ್ಣ ಸಂಗತಿ. ಹೀಗೆ ಹೇಳಿದ ತಕ್ಷಣ ಎಲ್ಲರೂ ಒಂದೇ ಮಾತು ತೆಗೆಯುತ್ತಾರೆ: "ಅಯ್ಯೋ, ಈ ಹೊತ್ತಲ್ಲಿ ನೆನಪು ಕೆದಕಬಾರದು ಸರ್, ಮನೆಯವರಿಗೆ ನೋವು ಜಾಸ್ತಿ ಆಗುತ್ತೆ."

ಈ ನಂಬಿಕೆಯ ಜೊತೆ ಜಗಳವಾಡಿ ನನಗೆ ಸಾಕಾಗಿದೆ. ಕೆದಕುವುದು ಅಂದರೆ ಮರೆತು ಹೋದದ್ದನ್ನು ಮೇಲೆ ತರುವುದು. ಗಂಡ ಹೋಗಿ ಮೂರು ದಿನವಾಗಿರುವಾಗ ಯಾರು ಏನು ಮರೆತಿರುತ್ತಾರೆ? ಚಪ್ಪಲಿ ಬಾಗಿಲಲ್ಲೇ ಇದೆ, ಕನ್ನಡಕ ಮೇಜಿನ ಮೇಲೇ ಇದೆ. ನಿಮ್ಮ ಸಂದೇಶ ಬಂದು ನೆನಪಿಸಬೇಕಾದದ್ದು ಏನೂ ಉಳಿದಿಲ್ಲ. ನೆನಪು ತಪ್ಪಿಸಿದರೆ ಉಪಕಾರ ಆಗುವುದು ಅವರಿಗಲ್ಲ, ನಮಗೆ. ಏನು ಬರೆಯೋದು ಅನ್ನೋ ಮುಜುಗರ ನಮಗೆ ತಪ್ಪುತ್ತೆ, ಅಷ್ಟೇ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸಹೋದ್ಯೋಗಿಯ ಹತ್ತಿರ ಇರುವ ನೆನಪು ಮನೆಯವರ ಹತ್ತಿರ ಇರುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಮನುಷ್ಯ ನಡುವಿನ ಅಷ್ಟೂ ಹೊತ್ತು ಹೇಗಿದ್ದರು ಅನ್ನುವುದು ಅವರು ನೋಡದ ಭಾಗ. ನಮ್ಮಪ್ಪ ತೀರಿಕೊಂಡಾಗ ಬಂದ ಸಂದೇಶಗಳಲ್ಲಿ ನನಗೆ ಇವತ್ತಿಗೂ ನೆನಪಿರುವುದು ಒಂದೇ. ಅವರ ಜೊತೆ ಕೆಲಸ ಮಾಡಿದವರೊಬ್ಬರು, "ಫೈಲು ಹುಡುಕುವಾಗ ಅವರು ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು, ಸಿಳ್ಳೆ ನಿಂತರೆ ಫೈಲು ಸಿಕ್ಕಿತು ಅಂತ ನಮಗೆ ಗೊತ್ತಾಗುತ್ತಿತ್ತು" ಎಂದು ಬರೆದಿದ್ದರು. ಮನೆಯಲ್ಲಿ ಅಪ್ಪ ಸಿಳ್ಳೆ ಹಾಕಿದ್ದನ್ನು ನಾವ್ಯಾರೂ ಕೇಳಿಯೇ ಇರಲಿಲ್ಲ. ಅಮ್ಮ "ಸಿಳ್ಳೆನಾ? ಇವರಾ?" ಅಂತ ಇನ್ನೊಂದು ಸಲ ಓದಿಸಿಕೊಂಡರು. ಅತ್ತರು, ನಿಜ. ಚಿರಶಾಂತಿಯ ಸಂದೇಶ ಓದಿದಾಗಲೂ ಅಳುತ್ತಲೇ ಇದ್ದರು.

ನೋವು ಜಾಸ್ತಿ ಮಾಡುವ ನೆನಪುಗಳೂ ಇವೆ. ಆಸ್ಪತ್ರೆ, ಕೊನೆಯ ದಿನ, "ಮೊದಲೇ ತೋರಿಸಬೇಕಿತ್ತು", "ಅವತ್ತು ಆಫೀಸಲ್ಲೇ ಸುಸ್ತಾಗಿ ಕಾಣ್ತಿದ್ರು" – ಇವು ಬೇಡವೇ ಬೇಡ. ಇವು ಸಾವಿನ ಮಾತು, ಮನುಷ್ಯನ ಮಾತಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಈ ನಂಬಿಕೆ ಹುಟ್ಟಿದೆ ಅಂತ ನನ್ನ ಅನುಮಾನ.

ಸರಿ, ಕರಡು ಕಳಿಸಿದವರಿಗೆ ಫೋನ್ ಮಾಡಿದೆ. ಮೂರ್ತಿ ಹೇಗಿದ್ದರು ಅಂದೆ. "ತುಂಬಾ ಒಳ್ಳೆಯವರು" ಅಂದರು. ಅದು ಎಲ್ಲರ ಬಗ್ಗೆಯೂ ಹೇಳುವ ಮಾತು. ಪ್ರಶ್ನೆ ಬದಲಿಸಿದೆ: ಅವರಿಂದ ಕಲಿತದ್ದು ಏನಾದರೂ ಇವತ್ತಿಗೂ ಕೈಯಲ್ಲಿದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ನಂತರ ಹೇಳತೊಡಗಿದರು. ಕೆಲಸಕ್ಕೆ ಸೇರಿದ ಹೊಸತು. ತಿಂಗಳ ಕೊನೆಯ ಲೆಕ್ಕ ತಾಳೆಯಾಗುತ್ತಿಲ್ಲ, 270 ರೂಪಾಯಿ ವ್ಯತ್ಯಾಸ. ಎಲ್ಲರೂ ಹೊರಟರೂ ಮೂರ್ತಿ ಪಕ್ಕದಲ್ಲಿ ಕೂತರು. "ಒಂಬತ್ತರಿಂದ ಭಾಗ ಆಗುತ್ತಾ ನೋಡು, ಆದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು" ಅಂದರು. 5,630 ಇರಬೇಕಾದಲ್ಲಿ 5,360 ಅಂತ ಬರೆದಿತ್ತು. ಮರುದಿನ ಅದನ್ನು ಯಾರಿಗೂ ಹೇಳಲಿಲ್ಲ.

ಇದನ್ನು ಬಿಟ್ಟು ತುಂಬಲಾರದ ನಷ್ಟ ಬರೆದಿದ್ದೀರಲ್ಲ ಮಾರಾಯರೇ ಅಂದೆ. ಕೊನೆಗೆ ಕಳಿಸಿದ್ದು ಇದು:

"ಮೇಡಂ, ನಾನು ಮೂರ್ತಿ ಸರ್ ಜೊತೆ ಲೆಕ್ಕದ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದವನು. ನಾವು ಭೇಟಿಯಾಗಿಲ್ಲ. ನಾನು ಹೊಸಬನಾಗಿದ್ದಾಗ ಒಂದು ದಿನ ಲೆಕ್ಕ ತಪ್ಪಿ ಒದ್ದಾಡುತ್ತಿದ್ದೆ. ಅವರು ಮನೆಗೆ ಹೊರಡದೆ ನನ್ನ ಪಕ್ಕ ಕೂತು ತಪ್ಪು ಹುಡುಕಿಕೊಟ್ಟರು. ಮರುದಿನ ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ. ಆವತ್ತು ಮನೆಗೆ ತಡವಾಗಿ ಬಂದದ್ದು ನನ್ನಿಂದಾಗಿ. ಅವರು ಕಲಿಸಿದ ಹಾಗೆ ಈಗಲೂ ಲೆಕ್ಕ ತಾಳೆಯಾಗದಿದ್ದರೆ ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತೇನೆ. ಅವರ ಮೇಜಿನ ಮೇಲಿದ್ದ ವಸ್ತುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ನೀವು ಹೇಳಿದ ದಿನ ತಂದುಕೊಡುತ್ತೇನೆ. ಈಗ ಉತ್ತರ ಬರೆಯಬೇಕಿಲ್ಲ."

270 ರೂಪಾಯಿ, 5,630 ಎಲ್ಲ ಬಿಟ್ಟೆವು. ಅದು ನಮ್ಮಿಬ್ಬರಿಗೆ ಸಾಕು. ತಾವು ಯಾರು ಅಂತ ಮೊದಲೇ ಹೇಳಿದ್ದಾರೆ, ಯಾಕೆಂದರೆ ಅಪರಿಚಿತ ನಂಬರಿನಿಂದ ಬಂದ ಸಂದೇಶ ಓದುವವರು ಮೊದಲು ಹುಡುಕುವುದು ಅದನ್ನೇ. "ಯಾವುದೇ ಸಹಾಯ" ಹೋಗಿ, ನಿಜವಾಗಿ ಮಾಡಬಹುದಾದ ಒಂದು ಕೆಲಸ ಬಂದಿದೆ. ಅಂಥ ಕೆಲಸ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಸಾಲು ಬಿಟ್ಟುಬಿಡಿ, ಸುಮ್ನೆ ಹೊಸೆಯಬೇಡಿ. ಮೊದಲ ಸಲ ತಿದ್ದುವಾಗ ಇವರು "ನನ್ನ ಕಣ್ಣೀರು ನಿಲ್ಲುತ್ತಿಲ್ಲ" ಅಂತಲೂ ಸೇರಿಸಿದ್ದರು. ತೆಗೆಸಿದೆ. ಅದನ್ನು ಓದಿದರೆ ಆ ತಾಯಿಯೇ ಇವರನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಾವಿಗೆ ಯಾವ ಪದ? ಕನ್ನಡದಲ್ಲಿ ಇದಕ್ಕೆ ಬರವಿಲ್ಲ. "ನಿಧನರಾದರು" ಆಫೀಸಿನ ಸುತ್ತೋಲೆಗೆ ಸರಿ. "ಅಸುನೀಗಿದರು" ಪತ್ರಿಕೆಯ ಅಪಘಾತದ ಸುದ್ದಿಯ ಪದ, ಮನೆಯವರಿಗೆ ಬರೆಯುವಾಗ ಕಿವಿಗೆ ಹೊಡೆಯುತ್ತೆ. "ದೈವಾಧೀನರಾದರು" ಆ ಮನೆಯಲ್ಲಿ ಬಳಸುವ ಮಾತಾದರೆ ಮಾತ್ರ. "ಹೋಗಿಬಿಟ್ಟರು" ಎದುರು ಕೂತು ಹೇಳುವಾಗ ಚೆಂದ, ಅಷ್ಟು ಸಲಿಗೆ ಇರಬೇಕು. "ತೀರಿಕೊಂಡರು" ಎಲ್ಲ ಕಡೆಗೂ ಹೊಂದುತ್ತೆ. ಆದರೆ ಮೇಲಿನ ಸಂದೇಶವನ್ನು ಇನ್ನೊಮ್ಮೆ ಓದಿ, ಇವುಗಳಲ್ಲಿ ಒಂದೂ ಇಲ್ಲ. ಆ ಸುದ್ದಿಯನ್ನು ಅವರಿಗೇ ಯಾಕೆ ಹೇಳಬೇಕು? ಹೆಸರಿಗೆ ಮೊದಲು "ದಿವಂಗತ" ಅಂತ ಹಚ್ಚುವವರಿಗೂ ಇದೇ ಉತ್ತರ.