ಡೊಂಕು ರಸ್ತೆಗೆ ದಾರದ ಅಳತೆ: ತಪ್ಪುವುದೆಲ್ಲ ತಿರುವಿನಲ್ಲೇ

ನಕ್ಷೆಯ ಮೇಲೆ ನೇರ ರಸ್ತೆಯ ಉದ್ದ ಅಳೆಯಲು ಒಂದು ಅಳತೆಪಟ್ಟಿ ಸಾಕು. ಬೆಟ್ಟ ಹತ್ತುವ ರಸ್ತೆಗೆ ಅದು ನಡೆಯುವುದಿಲ್ಲ. ಬುಡದಿಂದ ಬೆಟ್ಟದ ನೆತ್ತಿಗೆ ಪಟ್ಟಿ ಇಟ್ಟು ನೋಡಿದರೆ 6 ಸೆಂ.ಮೀ. ಇರಬಹುದು, ಆದರೆ ರಸ್ತೆ ಅತ್ತಿತ್ತ ಹೊರಳುತ್ತಾ ಅದರ ಎರಡೂವರೆ ಪಟ್ಟು ಹೋಗಿರುತ್ತದೆ. ರಸ್ತೆಯ ಗೆರೆಯ ಮೇಲೆ ದಾರ ಹಾಯಿಸಿ, ಅದೇ ದಾರವನ್ನು ನೇರ ಮಾಡಿ ಅಳೆಯುವುದು ಇದಕ್ಕೆ ಹಳೆಯ ಉಪಾಯ. ಶಾಲೆಯಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಧಾನ ಇದು. ಆದರೆ ಒಂದೇ ರಸ್ತೆಯನ್ನು ಇಬ್ಬರು ಅಳೆದರೆ ಉತ್ತರದಲ್ಲಿ ಅರ್ಧ ಕಿಲೋಮೀಟರ್ ವ್ಯತ್ಯಾಸ ಬರುವುದು ಯಾಕೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಮೊದಲು ದಾರದ ಆಯ್ಕೆ. ಬಟ್ಟೆ ಹೊಲಿಯುವ ಹತ್ತಿಯ ದಾರ ಒಳ್ಳೆಯದು. ಉಣ್ಣೆಯ ನೂಲು ಹಿಗ್ಗುತ್ತದೆ, ನೈಲಾನ್ ದಾರ ಕಾಗದದ ಮೇಲೆ ನಿಲ್ಲದೆ ಪುಟಿದೇಳುತ್ತದೆ. ಉಂಡೆಯಿಂದ ಈಗಷ್ಟೇ ಬಿಚ್ಚಿದ ದಾರದಲ್ಲಿ ಸುರುಳಿಯ ಗುಣ ಉಳಿದಿರುತ್ತದೆ. ಅದನ್ನು ಒಮ್ಮೆ ಮೇಣದ ತುಂಡಿನ ಮೇಲೆ ಎಳೆದರೆ ಬಾಗಿಸಿದ ಕಡೆ ಬಾಗಿಯೇ ಕೂರುತ್ತದೆ. ನಕ್ಷೆಯ ಬಣ್ಣಕ್ಕಿಂತ ಬೇರೆಯಾಗಿ ಕಾಣುವ ಬಣ್ಣವನ್ನೇ ಆರಿಸಿ, ಇಲ್ಲದಿದ್ದರೆ ದಾರ ಯಾವುದು, ರಸ್ತೆ ಯಾವುದು ಎಂದು ಕಣ್ಣು ಗೊಂದಲಕ್ಕೆ ಬೀಳುತ್ತದೆ.

ದಾರದ ತುದಿಯಿಂದ ಎರಡು ಬೆರಳಿನಷ್ಟು ಬಿಟ್ಟು ಪೆನ್ನಿನಿಂದ ಒಂದು ಚುಕ್ಕಿ ಇಡಿ. ಗಂಟು ಹಾಕುವುದಕ್ಕಿಂತ ಇದು ಮೇಲು, ಯಾಕೆಂದರೆ ಗಂಟಿಗೇ ಒಂದು ದಪ್ಪವಿದ್ದು ಅಳತೆ ಎಲ್ಲಿಂದ ಶುರು ಎಂಬುದು ಅಸ್ಪಷ್ಟವಾಗುತ್ತದೆ. ಚುಕ್ಕಿಯನ್ನು ರಸ್ತೆ ಶುರುವಾಗುವ ಜಾಗದಲ್ಲಿ ಇಟ್ಟು ಎಡಗೈ ಹೆಬ್ಬೆರಳಿನ ಉಗುರಿನಿಂದ ಒತ್ತಿ. ಬಲಗೈಯಿಂದ ಮುಂದಿನ ಒಂದು ಸೆಂಟಿಮೀಟರಿನಷ್ಟು ದಾರವನ್ನು ರಸ್ತೆಯ ಮೇಲೆ ಕೂರಿಸಿ, ಆಮೇಲೆ ಉಗುರನ್ನು ಅಲ್ಲಿಗೆ ಸರಿಸಿ. ತಿರುವು ಬಂದಾಗ ಹೆಜ್ಜೆ ಇನ್ನೂ ಸಣ್ಣದಾಗಬೇಕು, ಎರಡು ಮೂರು ಮಿಲಿಮೀಟರ್ ಸಾಕು. ಕೊನೆ ತಲುಪಿದಾಗ ಇನ್ನೊಂದು ಚುಕ್ಕಿ. ರಸ್ತೆ ಉದ್ದವಾಗಿದ್ದರೆ ಸೇತುವೆ, ಕವಲು ಮೊದಲಾದ ಗುರುತುಗಳಲ್ಲಿ ಅದನ್ನು ತುಂಡು ಮಾಡಿಕೊಂಡು ಒಂದೊಂದನ್ನೇ ಅಳೆಯಿರಿ. ಆಗ ಒಂದು ಕಡೆ ದಾರ ಜಾರಿದರೂ ಎಲ್ಲವನ್ನೂ ಮತ್ತೆ ಮಾಡಬೇಕಾಗುವುದಿಲ್ಲ.

ಈಗ ಅಸಲು ವಿಷಯ. ದಾರವನ್ನು ಸ್ವಲ್ಪ ಬಿಗಿಯಾಗಿ ಹಿಡಿದರೂ ಅದು ತಿರುವಿನ ಒಳಬದಿಗೆ ಜಾರುತ್ತದೆ. ಬಿಗಿದ ದಾರ ಚಿಕ್ಕ ದಾರಿಯನ್ನೇ ಹುಡುಕುತ್ತದೆ. ಹೀಗೆ ಜಾರಿದ್ದರಿಂದ ಎಷ್ಟು ಉದ್ದ ಕಳೆಯಿತು? ಒಂದು ಅರ್ಧವೃತ್ತದ ತಿರುವನ್ನು ಊಹಿಸಿ. ಗೆರೆಯ ಮಧ್ಯದ ತ್ರಿಜ್ಯ 2 ಮಿ.ಮೀ. ಆದರೆ ಅದರ ಉದ್ದ ಸುಮಾರು 6.28 ಮಿ.ಮೀ. ದಾರ ಅರ್ಧ ಮಿಲಿಮೀಟರ್ ಒಳಗೆ ಕೂತರೆ ತ್ರಿಜ್ಯ 1.5, ಉದ್ದ 4.71. ನಷ್ಟ 1.57 ಮಿ.ಮೀ. ಈಗ ತ್ರಿಜ್ಯ 20 ಮಿ.ಮೀ. ಇರುವ ದೊಡ್ಡ ತಿರುವನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ನಷ್ಟ ಆಗಲೂ 1.57 ಮಿ.ಮೀ.! ತಿರುವು ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಮುಖ್ಯವಲ್ಲ. ದಾರ ಎಷ್ಟು ಒಳಗೆ ಸರಿಯಿತು ಮತ್ತು ರಸ್ತೆ ಒಟ್ಟು ಎಷ್ಟು ಕೋನ ತಿರುಗಿತು ಎಂಬ ಎರಡೇ ಸಂಗತಿಗಳು ನಷ್ಟವನ್ನು ತೀರ್ಮಾನಿಸುತ್ತವೆ. ಆದ್ದರಿಂದ ವಿಶಾಲವಾದ, ಸುಲಭವಾಗಿ ಕಾಣುವ ತಿರುವಿನಲ್ಲೂ ಕೈ ಸಡಿಲ ಬಿಡುವಂತಿಲ್ಲ.

ಇದೇ ಲೆಕ್ಕದಿಂದ ಒಂದು ಒಳ್ಳೆಯ ದಾರಿಯೂ ಸಿಗುತ್ತದೆ. ರಸ್ತೆಯನ್ನು ಜೋಡಿ ಗೆರೆಯಲ್ಲಿ ತೋರಿಸಿದ್ದರೆ ದಾರವನ್ನು ಮಧ್ಯದಲ್ಲಿ ಕೂರಿಸಲು ಪರದಾಡಬೇಡಿ, ಉದ್ದಕ್ಕೂ ಎಡಗಡೆಯ ಗೆರೆಯನ್ನೇ ಹಿಡಿಯಿರಿ. ಎಡ ತಿರುವಿನಲ್ಲಿ ಕಳೆದದ್ದು ಬಲ ತಿರುವಿನಲ್ಲಿ ವಾಪಸು ಬರುತ್ತದೆ. ಬೆಟ್ಟದ ರಸ್ತೆಯಲ್ಲಿ ಎಡ–ಬಲ ತಿರುವುಗಳು ಹೆಚ್ಚುಕಡಿಮೆ ಸಮವಾಗಿರುವುದರಿಂದ ಉಳಿಯುವ ತಪ್ಪು ತೀರಾ ಕಡಿಮೆ. ಪ್ರತಿ ತಿರುವಿನಲ್ಲೂ ಒಳಬದಿಗೆ ಜಾರಿದರೆ ಮಾತ್ರ ನಷ್ಟಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ.

ಒಂದು ಲೆಕ್ಕ ಮಾಡೋಣ. ನಕ್ಷೆಯ ಪ್ರಮಾಣ 1:50,000, ಅಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ಎಚ್ಚರದಿಂದ ಹಾಯಿಸಿದ ದಾರ 15.2 ಸೆಂ.ಮೀ. ಬಂತು ಎನ್ನಿ, ರಸ್ತೆಯ ಉದ್ದ 7.6 ಕಿ.ಮೀ. ಈ ರಸ್ತೆ ಆರು ಕಡೆ ಪೂರ್ತಿ ಹಿಂದಕ್ಕೆ ಹೊರಳುತ್ತದೆ. ಆರರಲ್ಲೂ ದಾರ ಅರ್ಧ ಮಿಲಿಮೀಟರ್ ಒಳಗೆ ಜಾರಿದ್ದರೆ 9.4 ಮಿ.ಮೀ. ಕಡಿಮೆ ಬರುತ್ತಿತ್ತು. ಉತ್ತರ ಸುಮಾರು 7.1 ಕಿ.ಮೀ. ಆಗುತ್ತಿತ್ತು. ಇಬ್ಬರ ನಡುವಿನ ಆ ಅರ್ಧ ಕಿಲೋಮೀಟರ್ ವ್ಯತ್ಯಾಸ ಹುಟ್ಟುವುದು ಹೀಗೆ.

ನಿಮ್ಮ ಕೈ ಎಷ್ಟು ಕಳೆಯುತ್ತದೆ ಎಂದು ಮೊದಲೇ ತಿಳಿಯಬಹುದು. ಕೈವಾರದಿಂದ 4 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಬರೆದು ಅದರ ಮೇಲೆ ದಾರ ಹಾಯಿಸಿ. 12.6 ಸೆಂ.ಮೀ.ಗೆ ತೀರಾ ಹತ್ತಿರ ಬರಬೇಕು. 12.3 ಬಂದರೆ ದಾರ ಒಂದು ಮಿಲಿಮೀಟರಿನಷ್ಟು ಒಳಗೆ ಕೂತಿದೆ, ಇಲ್ಲವೇ ಅಲ್ಲಲ್ಲಿ ಅಡ್ಡದಾರಿ ಹಿಡಿದಿದೆ. ರಸ್ತೆಯನ್ನು ಕೊನೆಯಿಂದ ಮೊದಲಿಗೂ ಒಮ್ಮೆ ಅಳೆದು ನೋಡಿ. ಎರಡು ಅಳತೆಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಅಂತರ ಬಂದರೆ ಎಲ್ಲೋ ದಾರ ಜಾರಿದೆ ಎಂದೇ ಅರ್ಥ.

ದಾರವನ್ನು ನೇರ ಮಾಡುವಾಗ ಎಳೆಯಬಾರದು, ಸುಮ್ಮನೆ ಚಾಚಿದರೆ ಸಾಕು. ಅದನ್ನು ನಕ್ಷೆಯ ಕೆಳಗೆ ಅಚ್ಚಾಗಿರುವ ಪಟ್ಟಿ ಸ್ಕೇಲಿನ ಮೇಲೆ ಇಟ್ಟು ಓದಬಹುದು. ಇಲ್ಲೊಂದು ಸಾಮಾನ್ಯ ಎಡವಟ್ಟಿದೆ. ಹಲವು ನಕ್ಷೆಗಳ ಪಟ್ಟಿಯಲ್ಲಿ ಸೊನ್ನೆ ಎಡತುದಿಯಲ್ಲಿರುವುದಿಲ್ಲ, ಒಂದು ಭಾಗ ಒಳಗಿರುತ್ತದೆ. ಅದರ ಎಡಕ್ಕಿರುವ ಸಣ್ಣ ಮನೆಗಳು ಚಿಲ್ಲರೆ ಅಳತೆಗೆ. ಚುಕ್ಕಿಯನ್ನು ಪಟ್ಟಿಯ ಎಡತುದಿಗೆ ಇಟ್ಟು ಬಲಗಡೆ ಕಂಡ ಅಂಕಿಯನ್ನು ಹಾಗೇ ಓದಿದರೆ ಒಂದು ಇಡೀ ಭಾಗವೇ ಲೆಕ್ಕದಿಂದ ತಪ್ಪಿಹೋಗುತ್ತದೆ.

ಜೆರಾಕ್ಸ್ ಪ್ರತಿಯಿಂದ ಅಳೆಯುವವರು ಪಟ್ಟಿ ಸ್ಕೇಲನ್ನೇ ನಂಬಬೇಕು. ನಕ್ಷೆಯನ್ನು 141 ಶೇಕಡಾಕ್ಕೆ ಹಿಗ್ಗಿಸಿದರೆ ನಮ್ಮ 15.2 ಸೆಂ.ಮೀ. ರಸ್ತೆ 21.4 ಆಗುತ್ತದೆ. ಮೂಲೆಯಲ್ಲಿ 1:50,000 ಎಂಬ ಅಕ್ಷರ ಹಾಗೇ ಇರುತ್ತದೆ, ಅದನ್ನು ನಂಬಿದರೆ 10.7 ಕಿ.ಮೀ. ಎಂಬ ಸುಳ್ಳು ಉತ್ತರ ಸಿಗುತ್ತದೆ. ಪಟ್ಟಿಯಾದರೋ ರಸ್ತೆಯ ಜೊತೆಗೇ ಹಿಗ್ಗಿರುತ್ತದೆ.

ರಸ್ತೆ ಏರುತ್ತದಲ್ಲ, ನಕ್ಷೆ ಅದನ್ನು ಚಪ್ಪಟೆಯಾಗಿ ತೋರಿಸುವುದರಿಂದ ಉದ್ದ ಕಡಿಮೆ ಬರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬರುತ್ತದೆ, ಆದರೆ ಅತ್ಯಲ್ಪ. ಈ ರಸ್ತೆ 450 ಮೀಟರ್ ಏರಿದರೂ ಹೆಚ್ಚುವುದು ಸುಮಾರು 13 ಮೀಟರ್, ದಾರದ ಮೇಲೆ ಕಾಲು ಮಿಲಿಮೀಟರ್. ನಕ್ಷೆ ಬರೆದವರು ಕಡಿಮೆ ಮಾಡಿದ ತಿರುವುಗಳ ಕಡೆಗೇ ಹೆಚ್ಚು ಗಮನ ಬೇಕು. ನೆಲದ ಮೇಲೆ 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವು ಈ ನಕ್ಷೆಯಲ್ಲಿ 0.3 ಮಿ.ಮೀ. ಆಗಬೇಕು. ರಸ್ತೆಯ ಗೆರೆಯೇ ಅದಕ್ಕಿಂತ ದಪ್ಪವಿದ್ದರೆ ಹಾಗೆ ಬರೆಯುವುದು ಸಾಧ್ಯವೇ ಇಲ್ಲ. ತಿರುವನ್ನು ಅಗಲಿಸಿ ತೋರಿಸುತ್ತಾರೆ ಅಥವಾ ಎರಡನ್ನು ಒಂದಾಗಿಸುತ್ತಾರೆ. 1:2,50,000 ನಕ್ಷೆಯಲ್ಲಂತೂ ಇಂಥ ಎಷ್ಟೋ ಡೊಂಕುಗಳು ಮಾಯವಾಗಿ ರಸ್ತೆ ಗಿಡ್ಡವಾಗಿ ಕಾಣುತ್ತದೆ. ಇದನ್ನು ಯಾವ ದಾರವೂ ಸರಿಪಡಿಸಲಾರದು, ದೊಡ್ಡ ಪ್ರಮಾಣದ ನಕ್ಷೆಯನ್ನೇ ಹುಡುಕಬೇಕು.

ಉತ್ತರ ಬರೆಯುವಾಗ ಒಂದು ದಶಮಾಂಶ ಸಾಕು. 1:50,000 ನಕ್ಷೆಯಲ್ಲಿ ದಾರದ ಒಂದು ಮಿಲಿಮೀಟರ್ ಎಂದರೆ 50 ಮೀಟರ್, ಕೈ ಅಷ್ಟು ತಪ್ಪೇ ತಪ್ಪುತ್ತದೆ. ಹಾಗಾಗಿ 7.613 ಎಂದು ಬರೆಯಬೇಡಿ, 7.6 ಕಿ.ಮೀ. ಎಂದು ಬರೆಯಿರಿ.